ವಿಷಯ: 18ರ ಗುರುವಾರ ಬೆಳಗಿನ ಅರ್ಧ ದಿನದ ರಜೆ ಕೋರಿ

ಮಾನ್ಯ ವ್ಯವಸ್ಥಾಪಕರೇ,

ನಮ್ಮ ಗೃಹಸಾಲ ಪೂರ್ತಿ ತೀರಿದೆ. ಮನೆಯ ಮೂಲ ಕ್ರಯಪತ್ರ ಮತ್ತು ಇತರ ದಾಖಲೆಗಳನ್ನು ಪಡೆಯಲು 18ರ ಗುರುವಾರ ಬೆಳಿಗ್ಗೆ 11ಕ್ಕೆ ಬರುವಂತೆ ಬ್ಯಾಂಕ್ ತಿಳಿಸಿದೆ. ಅಂದು ಬೆಳಗಿನ ಅರ್ಧ ದಿನ ಸಾಂದರ್ಭಿಕ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮಧ್ಯಾಹ್ನ 2ಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ.

ಸಾಲ ನನ್ನ ಮತ್ತು ನನ್ನ ಪತಿಯ ಜಂಟಿ ಹೆಸರಿನಲ್ಲಿದ್ದುದರಿಂದ ಇಬ್ಬರೂ ಖುದ್ದಾಗಿ ಹೋಗಿ ಸಹಿ ಮಾಡಬೇಕು. ದಾಖಲೆ ಕೊಡುವ ಕೌಂಟರ್ ವಾರದ ದಿನಗಳಲ್ಲಿ ಮಧ್ಯಾಹ್ನ 1ರವರೆಗೆ ಮಾತ್ರ ತೆರೆದಿರುತ್ತದೆ. ಶನಿವಾರ ಈ ಸೇವೆ ಇಲ್ಲ. ಸಾಲ ಪಡೆಯುವಾಗ ಕೊಟ್ಟ ಪಟ್ಟಿಯೊಂದಿಗೆ ಪ್ರತಿ ಹಾಳೆಯನ್ನೂ ತಾಳೆ ನೋಡಿಯೇ ಸ್ವೀಕೃತಿಗೆ ಸಹಿ ಹಾಕಬೇಕಾಗುತ್ತದೆ. ಸಹಿಯಾದ ಮೇಲೆ ಒಂದು ಹಾಳೆ ಕಡಿಮೆ ಬಂದಿದೆ ಎಂದರೆ ಸಾಬೀತು ಮಾಡುವುದು ಕಷ್ಟ, ಹಾಗಾಗಿ ಒಂದು ಗಂಟೆಯ ಅನುಮತಿ ಸಾಲದು.

ಅಂದಿನ ಕೆಲಸದ ವಿಚಾರ: ಸರಬರಾಜುದಾರರ ಪಾವತಿ ಪಟ್ಟಿಯನ್ನು ಬುಧವಾರ ಸಂಜೆಯೇ ಸಿದ್ಧಪಡಿಸಿ ತಮ್ಮ ಅನುಮೋದನೆಗೆ ಕಳಿಸುತ್ತೇನೆ. ಬೆಳಗಿನ ನಗದು ಪುಸ್ತಕವನ್ನು ಪಕ್ಕದ ಮೇಜಿನ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ. ಬೀರುವಿನ ಕೀಲಿಯನ್ನು ಹಿಂದಿನ ದಿನವೇ ಅವರಿಗೆ ಒಪ್ಪಿಸುವೆ. ತುರ್ತಿದ್ದರೆ ಫೋನ್ ಮಾಡಬಹುದು, ಕೌಂಟರಿನಲ್ಲಿ ಇರುವ ಹೊತ್ತಿಗೆ ಮಾತ್ರ ಸಂದೇಶ ಕಳಿಸಿದರೆ ಅನುಕೂಲ.

ಬ್ಯಾಂಕಿನಿಂದ ಬಂದ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ಗುರುವಾರ ಕಚೇರಿಗೆ ತೊಂದರೆಯಾಗುವುದಾದರೆ ಮಂಗಳವಾರದೊಳಗೆ ತಿಳಿಸಿ, ಬ್ಯಾಂಕಿನಲ್ಲಿ ಬೇರೆ ದಿನ ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಹಿರಿಯ ಸಹಾಯಕಿ, ಲೆಕ್ಕಪತ್ರ ವಿಭಾಗ