ಕಂಪ್ಯೂಟರ್ ನೆಟ್‌ವರ್ಕ್ಸ್: ಆಂತರಿಕ ಪರೀಕ್ಷೆ 2 (ಐಪಿ ಅಡ್ರೆಸ್ ಮತ್ತು ಸಬ್‌ನೆಟ್ಟಿಂಗ್)

ಡಿಪ್ಲೊಮಾ, ಕಂಪ್ಯೂಟರ್ ಸೈನ್ಸ್, 4ನೇ ಸೆಮಿಸ್ಟರ್
ಸಮಯ: 1 ಗಂಟೆ. ಒಟ್ಟು ಅಂಕ: 25. ಎಲ್ಲ ಪ್ರಶ್ನೆಗಳನ್ನೂ ಬಿಡಿಸಿ.

ಕ್ಯಾಲ್ಕುಲೇಟರ್ ಬೇಡ. 2ರ ಘಾತಗಳನ್ನು (2, 4, 8, 16, 32, 64, 128, 256) ಹಾಳೆಯ ಮೂಲೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ, ಅಷ್ಟು ಸಾಕು. ಬರೀ ಉತ್ತರ ಬರೆದರೆ ಅರ್ಧ ಅಂಕ ಮಾತ್ರ. ಬ್ಲಾಕ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನೀವು ಹೇಗೆ ಕಂಡುಹಿಡಿದಿರಿ ಅನ್ನುವುದು ಕಾಣಬೇಕು. ಕೂಡುವಾಗ ಸಣ್ಣ ತಪ್ಪಾಗಿ ದಾರಿ ಸರಿಯಿದ್ದರೆ ಅಂಕ ಕಳೆಯುವುದಿಲ್ಲ, ಗಾಬರಿ ಬೇಡ.

ಬರೆಯುವ ಕ್ರಮಕ್ಕೆ ಒಂದು ಮಾದರಿ. ಕೊಟ್ಟದ್ದು 192.168.5.77/28.

```
/28  -> mask 255.255.255.240
256 - 240 = 16   (block)
0, 16, 32, 48, 64, 80 ...
77 -> 64..79
network 192.168.5.64   broadcast 192.168.5.79
hosts   192.168.5.65 - 192.168.5.78   (14)
```

1. ಒಂದು ಕಂಪ್ಯೂಟರ್‌ನ ಅಡ್ರೆಸ್ 172.16.45.130/20. ಇದರ ಸಬ್‌ನೆಟ್ ಮಾಸ್ಕ್, ನೆಟ್‌ವರ್ಕ್ ಅಡ್ರೆಸ್, ಬ್ರಾಡ್‌ಕಾಸ್ಟ್ ಅಡ್ರೆಸ್, ಮೊದಲ ಮತ್ತು ಕೊನೆಯ ಹೋಸ್ಟ್, ಒಟ್ಟು ಎಷ್ಟು ಹೋಸ್ಟ್‌ಗೆ ಜಾಗವಿದೆ, ಇಷ್ಟನ್ನೂ ಬರೆಯಿರಿ. ಇಲ್ಲಿ ಗಡಿ ಬೀಳುವುದು ಮೂರನೇ ಭಾಗದಲ್ಲಿ, ನಾಲ್ಕನೆಯದರಲ್ಲಿ ಅಲ್ಲ. ಹಾಗಾದರೆ 172.16.40.255 ಅನ್ನು ಇದೇ ನೆಟ್‌ವರ್ಕ್‌ನ ಒಂದು ಮೆಷಿನ್‌ಗೆ ಕೊಡಬಹುದೇ? ಕಾರಣ ಬೇಕೇ ಬೇಕು. (5 ಅಂಕ)

2. ಒಂದು ಪಿಯು ಕಾಲೇಜಿಗೆ 192.168.40.0/24 ಸಿಕ್ಕಿದೆ. ಲ್ಯಾಬ್‌ನಲ್ಲಿ 100 ಕಂಪ್ಯೂಟರ್, ಲೈಬ್ರರಿಯಲ್ಲಿ 50, ಕಚೇರಿಯಲ್ಲಿ 25. ಹಳೆ ಕಟ್ಟಡದ ರೂಟರ್‌ಗೂ ಹೊಸ ಕಟ್ಟಡದ ರೂಟರ್‌ಗೂ ಮಧ್ಯೆ ಒಂದು ಲಿಂಕ್ ಇದೆ, ಅದಕ್ಕೆ 2 ಅಡ್ರೆಸ್ ಸಾಕು. ಲ್ಯಾಬ್, ಲೈಬ್ರರಿ, ಕಚೇರಿ ಮೂರಕ್ಕೂ ಒಂದೊಂದು ಗೇಟ್‌ವೇ ಅಡ್ರೆಸ್ ಬೇಕು, ಅದು ಮೇಲಿನ ಎಣಿಕೆಯಲ್ಲಿ ಸೇರಿಲ್ಲ.

(ಅ) ವಿಎಲ್‌ಎಸ್‌ಎಂ ಬಳಸಿ ನಾಲ್ಕಕ್ಕೂ ಸಬ್‌ನೆಟ್ ಹಂಚಿ. 192.168.40.0ಯಿಂದಲೇ ಶುರು ಮಾಡಿ, ದೊಡ್ಡದನ್ನು ಮೊದಲು ಕೂರಿಸಿ. ಪ್ರತಿಯೊಂದಕ್ಕೂ ನೆಟ್‌ವರ್ಕ್ ಅಡ್ರೆಸ್, ಪ್ರಿಫಿಕ್ಸ್, ಬ್ರಾಡ್‌ಕಾಸ್ಟ್ ಬರೆಯಿರಿ. (5 ಅಂಕ)

(ಆ) ಹಂಚಿದ ಮೇಲೆ ಕೊನೆಯಲ್ಲಿ 28 ಅಡ್ರೆಸ್ ಉಳಿಯುತ್ತವೆ. ಪ್ರಿನ್ಸಿಪಾಲರು ಕೇಳುತ್ತಾರೆ: "28 ಇದೆಯಲ್ಲ, ಹೊಸ ಲ್ಯಾಬ್‌ನ 20 ಮೆಷಿನ್‌ಗೆ ಅದರಲ್ಲೇ ಒಂದು ಸಬ್‌ನೆಟ್ ಮಾಡಿಕೊಡಿ." ಆಗುತ್ತದೆಯೇ? ಉಳಿದ ಜಾಗವನ್ನು ಸರಿಯಾದ ಬ್ಲಾಕ್‌ಗಳಾಗಿ ಒಡೆದು ತೋರಿಸಿ, ಅವರಿಗೆ ಅರ್ಥವಾಗುವ ಹಾಗೆ ಎರಡು ಸಾಲಿನಲ್ಲಿ ಉತ್ತರ ಬರೆಯಿರಿ. (3 ಅಂಕ)

(ಇ) ಕಚೇರಿಗೆ ಇನ್ನೂ 5 ಕಂಪ್ಯೂಟರ್ ಬಂದು 30 ಆಯಿತು ಅಂದುಕೊಳ್ಳಿ. ಕಚೇರಿ ಒಂದೇ ಸಬ್‌ನೆಟ್‌ನಲ್ಲೇ ಇರಬೇಕು. (ಅ) ಭಾಗದ ಹಂಚಿಕೆಯೇ ನಿಲ್ಲುತ್ತದೆಯೇ? ಇಲ್ಲವಾದರೆ ರೂಟರ್ ಲಿಂಕ್‌ನ ಗತಿ ಏನಾಗುತ್ತದೆ? ಗೇಟ್‌ವೇ ಮರೆಯಬೇಡಿ. (2 ಅಂಕ)

3. ಒಂದೇ ಸ್ವಿಚ್‌ಗೆ ಒಂದು ಕಂಪ್ಯೂಟರ್, ಒಂದು ಫೈಲ್ ಸರ್ವರ್ ಮತ್ತು ಒಂದು ಪ್ರಿಂಟರ್ ಜೋಡಿಸಿದ್ದಾರೆ. ಕೇಬಲ್, ಪೋರ್ಟ್ ಎಲ್ಲ ಸರಿಯಿದೆ. ವಿಎಲ್ಯಾನ್ ಯಾವುದೂ ಇಲ್ಲ. ಕಂಪ್ಯೂಟರ್‌ನಲ್ಲಿ `ipconfig` ಕೊಟ್ಟಾಗ ಕಂಡದ್ದು:

```
IPv4 Address. . . . . . . . . . . : 192.168.10.62
Subnet Mask . . . . . . . . . . . : 255.255.255.224
Default Gateway . . . . . . . . . : 192.168.10.65
```

ಸರ್ವರ್‌ನ ಅಡ್ರೆಸ್ 192.168.10.66, ಮಾಸ್ಕ್ ಅದೇ. ಸರ್ವರ್‌ಗೆ `ping` ಹೋಗುತ್ತಿಲ್ಲ. ಪ್ರಿಂಟರ್‌ಗೆ 192.168.10.63 ಕೊಡೋಣ ಅಂತ ಟೆಕ್ನಿಷಿಯನ್ ಹೊರಟಿದ್ದಾರೆ.

ಕಂಪ್ಯೂಟರ್ ಮತ್ತು ಸರ್ವರ್ ಯಾವ ಯಾವ ಸಬ್‌ನೆಟ್‌ನಲ್ಲಿವೆ? ಕಂಪ್ಯೂಟರ್‌ನ ಗೇಟ್‌ವೇಯಲ್ಲಿ ಏನು ತಪ್ಪಿದೆ? ಪ್ರಿಂಟರ್‌ಗೆ ಆ ಅಡ್ರೆಸ್ ಯಾಕೆ ಆಗುವುದಿಲ್ಲ? ಸರ್ವರ್ ಮತ್ತು ಗೇಟ್‌ವೇಯನ್ನು ಮುಟ್ಟದೆ, ಮಾಸ್ಕ್ ಬದಲಿಸದೆ, ಕಂಪ್ಯೂಟರ್‌ಗೂ ಪ್ರಿಂಟರ್‌ಗೂ ಸರಿಹೊಂದುವ ಒಂದೊಂದು ಅಡ್ರೆಸ್ ಸೂಚಿಸಿ. ಸುಮ್ನೆ "ಐಪಿ ತಪ್ಪಾಗಿದೆ" ಅಂತ ಬರೆದರೆ ಅಂಕ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನಿಮಗೆ ಜಾಸ್ತಿ ಎದುರಾಗುವುದು ಇಂಥ ತೊಂದರೆಯೇ, ಹಾಗಾಗಿ ಇದಕ್ಕೆ ಸಮಯ ಕೊಡಿ. (5 ಅಂಕ)

4. 10.20.4.0/24, 10.20.5.0/24, 10.20.6.0/24, 10.20.7.0/24, ಈ ನಾಲ್ಕಕ್ಕೂ ಸೇರಿಸಿ ರೂಟರ್‌ನಲ್ಲಿ ಒಂದೇ ರೂಟ್ ಬರೆಯಿರಿ. ಈಗ 4ರ ಬದಲು 8 ಬಂತು, ಅಂದರೆ 5ರಿಂದ 8ರವರೆಗೆ. ಈಗಲೂ ನಾಲ್ಕೇ ನೆಟ್‌ವರ್ಕ್, ಆದರೆ ಒಂದು /22 ಸಾಲುವುದಿಲ್ಲ. ಯಾಕೆ? ಮೂರನೇ ಭಾಗವನ್ನು ಬೈನರಿಯಲ್ಲಿ ಬರೆದು ತೋರಿಸಿ. ನಾಲ್ಕನ್ನೂ ಒಳಗೊಳ್ಳುವ ಅತಿ ಚಿಕ್ಕ ಒಂಟಿ ಬ್ಲಾಕ್ ಯಾವುದು? (3 ಅಂಕ)

5. 172.15.3.9, 172.31.200.4, 172.32.0.9, ಇವುಗಳಲ್ಲಿ ಆರ್‌ಎಫ್‌ಸಿ 1918ರ ಪ್ರಕಾರ ಪ್ರೈವೇಟ್ ಅಡ್ರೆಸ್ ಯಾವುದು? ಆ ವ್ಯಾಪ್ತಿಯ ಮೊದಲ ಮತ್ತು ಕೊನೆಯ ಅಡ್ರೆಸ್ ಬರೆಯಿರಿ. (2 ಅಂಕ)