ಮತ್ತೆ ಕೆಲಸಕ್ಕೆ ಬರುತ್ತಿರುವ ಕಟಿಂಗ್ ಮಾಸ್ತರರಿಗೆ: ಸ್ವಾಗತ ಮತ್ತು ಮರುನೇಮಕದ ಷರತ್ತುಗಳು

ಬಳ್ಳಾರಿ
17 ನವೆಂಬರ್ 2025

ವಿಷಯ: ಹಿರಿಯ ಕಟಿಂಗ್ ಮಾಸ್ತರ್ ಹುದ್ದೆಗೆ ಮರುನೇಮಕ, ಹಿಂದಿನ ಸೇವೆಯ ಪರಿಗಣನೆ (ಹಳೆಯ ಟೋಕನ್ ಸಂಖ್ಯೆ 47)

ಮಾನ್ಯ ಮಾಸ್ತರರೇ,

ನೀವು ಮರಳಿ ಬರುತ್ತೀರೆಂದು ಹೇಳಿದ ದಿನ ಸಂಜೆಯೇ ಅಪ್ಪನಿಗೆ ತಿಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಟೋಕನ್ 47 ಯಾರಿಗಾದರೂ ಕೊಟ್ಟಿದ್ದೀಯಾ?" ಕೊಟ್ಟಿಲ್ಲ. ಅದು ನಿಮ್ಮದೇ. ಕೌಲ್ ಬಜಾರಿನ ಮಳಿಗೆಯಲ್ಲಿ ನೀವು ರಟ್ಟಿನ ಮೇಲೆ ಕತ್ತರಿಸಿಟ್ಟ ಪ್ಯಾಟರ್ನ್‌ಗಳು ಮುಂಡರಗಿಯ ಶೆಡ್‌ನಲ್ಲಿ ಇಂದಿಗೂ ಬಳಕೆಯಲ್ಲಿವೆ. ಅಂಚಿನಲ್ಲಿ ನೀವು ಪೆನ್ಸಿಲ್‌ನಿಂದ ಬರೆದ ಕುಗ್ಗುವಿಕೆಯ ಅಳತೆಗಳನ್ನು ಅಳಿಸಲು ಯಾರಿಗೂ ಧೈರ್ಯವಾಗಿಲ್ಲ. ನಮ್ಮ ಮನೆಯವರೆಲ್ಲರ ಪರವಾಗಿ ನಿಮಗೂ ಅಕ್ಕನವರಿಗೂ ಸ್ವಾಗತ.

ಇನ್ನು ವ್ಯವಹಾರದ ಮಾತು. ಪ್ರೀತಿಯಿಂದ ಕರೆಸಿಕೊಂಡವರ ಜೊತೆ ಲೆಕ್ಕ ಮಾತಾಡಲು ಸಂಕೋಚಪಟ್ಟರೆ ಆರು ತಿಂಗಳಲ್ಲಿ ಮನಸ್ತಾಪ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಬರೆದೇ ಕೊಡುತ್ತಿದ್ದೇನೆ.

ನೀವು 2025ರ ಡಿಸೆಂಬರ್ 1, ಸೋಮವಾರ ಕೆಲಸಕ್ಕೆ ಸೇರುತ್ತೀರಿ. ತಿಂಗಳ ಒಟ್ಟು ವೇತನ 28,000 ರೂಪಾಯಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 19,500, ಉಳಿದದ್ದು ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ. ಕೆಲಸದ ವೇಳೆ ಬೆಳಿಗ್ಗೆ 9ರಿಂದ ಸಂಜೆ 5.30, ಊಟಕ್ಕೆ ಅರ್ಧ ಗಂಟೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 7ರಿಂದ 3.30. ನಮ್ಮೂರಿನ ಬಿಸಿಲು ನಿಮಗೆ ಹೊಸದಲ್ಲ, ಆದರೆ ಪೀಣ್ಯದ ತಂಪಿನಲ್ಲಿ ನಾಲ್ಕು ವರ್ಷ ಇದ್ದು ಬರುತ್ತಿದ್ದೀರಿ ಎಂಬುದನ್ನು ನೆನಪಿಸುತ್ತೇನೆ. ಪರೀಕ್ಷಾರ್ಥ ಅವಧಿ ನಿಮಗಿಲ್ಲ.

ಹಿಂದಿನ ಸೇವೆ

ನೀವು ಇಲ್ಲಿ 2014ರ ಜೂನ್ 2ರಿಂದ 2021ರ ಸೆಪ್ಟೆಂಬರ್ 30ರವರೆಗೆ, ಅಂದರೆ 7 ವರ್ಷ 4 ತಿಂಗಳು ದುಡಿದಿದ್ದೀರಿ. ಈ ಅವಧಿಯನ್ನು ಪೂರ್ತಿ ಪರಿಗಣಿಸಬೇಕೆಂದು ಫೋನಿನಲ್ಲಿ ಕೇಳಿದಿರಿ. ನಾನು ಕೆಲವಕ್ಕೆ ಒಪ್ಪಿದ್ದೇನೆ, ಕೆಲವಕ್ಕೆ ಇಲ್ಲ.

ರಜೆಗೆ ಒಪ್ಪಿದ್ದೇನೆ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ ಎಲ್ಲರಿಗೂ ಇದೆ. ಐದು ವರ್ಷ ಪೂರೈಸಿದವರಿಗೆ ನಾವು ವರ್ಷಕ್ಕೆ ಹೆಚ್ಚುವರಿಯಾಗಿ ಕೊಡುವ ಮೂರು ದಿನ ನಿಮಗೆ ಮೊದಲ ವರ್ಷದಿಂದಲೇ ಸಿಗುತ್ತದೆ. ಹೋಗುವಾಗ ಉಳಿದಿದ್ದ ರಜೆಯ ಹಣವನ್ನು ಆಗಲೇ ಪಡೆದಿದ್ದೀರಿ, ಆ ರಜೆ ಮತ್ತೆ ಜೀವ ಪಡೆಯುವುದಿಲ್ಲ. ದೀಪಾವಳಿ ಬೋನಸ್ಸಿಗೂ ಹಳೆಯ ಏಳು ವರ್ಷ ಸೇರುತ್ತದೆ. 2026ರ ದೀಪಾವಳಿಗೆ ಐದು ವರ್ಷ ದಾಟಿದವರ ಸಾಲಿನಲ್ಲಿ ನಿಂತು ಒಂದು ತಿಂಗಳ ಮೂಲ ವೇತನ ಪಡೆಯುತ್ತೀರಿ.

ಗ್ರಾಚ್ಯುಟಿಗೆ ಒಪ್ಪಿಲ್ಲ. ಕಾರಣ ಸರಳ: ಆ ಏಳು ವರ್ಷದ ಗ್ರಾಚ್ಯುಟಿ ಸಂದಾಯವಾಗಿದೆ. ಆಗ ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ 16,900 ಇತ್ತು. ಅದನ್ನು 26ರಿಂದ ಭಾಗಿಸಿ 15 ದಿನಕ್ಕೆ 9,750, ಏಳು ವರ್ಷಕ್ಕೆ 68,250 ರೂಪಾಯಿ. ಆ ಚೆಕ್ಕಿಗೆ ನೀವು ಹಾಕಿದ ಸಹಿ 2021ರ ಅಕ್ಟೋಬರ್‌ನ ಕಡತದಲ್ಲಿದೆ. ಒಂದೇ ದುಡಿಮೆಗೆ ಎರಡು ಸಲ ಕೊಟ್ಟರೆ ಬಿಡದೆ ಇಲ್ಲೇ ದುಡಿದವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಹೀಗಾಗಿ ಗ್ರಾಚ್ಯುಟಿಯ ಎಣಿಕೆ ಈ ಡಿಸೆಂಬರ್ 1ರಿಂದ ಹೊಸದಾಗಿ ಶುರುವಾಗುತ್ತದೆ. ಅದಕ್ಕೆ ಐದು ವರ್ಷದ ನಿರಂತರ ಸೇವೆ ಬೇಕು. ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಆ ಷರತ್ತು ಇಲ್ಲ. ನಿಮಗೀಗ 51 ವರ್ಷ. ಮತ್ತೆ ಐದು ವರ್ಷ ಕಾಯಿರಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಆದ್ದರಿಂದ ಮೂರು ವರ್ಷ ಪೂರೈಸಿದ ಮೇಲೆ ನೀವು ಯಾವಾಗ ಬಿಟ್ಟರೂ ಅದೇ ಸೂತ್ರದಂತೆ ಲೆಕ್ಕ ಹಾಕಿ ಘಟಕವೇ ಸ್ವಂತವಾಗಿ ಹಣ ಕೊಡುತ್ತದೆ. ಇದು ನನ್ನ ಮಾತು, ಈ ಪತ್ರವೇ ಅದಕ್ಕೆ ದಾಖಲೆ.

ಭವಿಷ್ಯ ನಿಧಿಗೆ ನಿಮ್ಮ ಹಳೆಯ ಯುಎಎನ್ ಸಂಖ್ಯೆಯೇ ಮುಂದುವರಿಯುತ್ತದೆ. ತಿಂಗಳಿಗೆ ನಿಮ್ಮಿಂದ ಶೇ 12ರಂತೆ 2,340 ರೂಪಾಯಿ ಕಡಿತ, ನಮ್ಮಿಂದಲೂ ಅಷ್ಟೇ; ನಮ್ಮ ಪಾಲಿನಲ್ಲಿ 1,250 ಪಿಂಚಣಿ ನಿಧಿಗೆ ಹೋಗುತ್ತದೆ. ಬೆಂಗಳೂರಿನ ಕಾರ್ಖಾನೆಯ ಹಣವನ್ನು ದಯವಿಟ್ಟು ತೆಗೆಯಬೇಡಿ, ವರ್ಗಾಯಿಸಿಕೊಳ್ಳಿ. ಇಲ್ಲಿಂದ ಹೋಗುವಾಗಲೂ ಪಿಂಚಣಿ ಹಣ ತೆಗೆದಿಲ್ಲ ಎಂದಿದ್ದೀರಿ. ಹಾಗಿದ್ದರೆ ನಮ್ಮಲ್ಲಿನ ಏಳು, ಅಲ್ಲಿನ ನಾಲ್ಕು ಸೇರಿ ಪಿಂಚಣಿಗೆ ಬೇಕಾದ ಹತ್ತು ವರ್ಷವನ್ನು ನೀವು ಈಗಾಗಲೇ ದಾಟಿದ್ದೀರಿ, 58ಕ್ಕೆ ಪಿಂಚಣಿ ಬರುತ್ತದೆ. ವರ್ಗಾವಣೆಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಲು ನಮ್ಮ ಗುಮಾಸ್ತರು ನೆರವಾಗುತ್ತಾರೆ. ಆಧಾರ್‌ನಲ್ಲಿ ಮತ್ತು ಭವಿಷ್ಯ ನಿಧಿಯ ದಾಖಲೆಯಲ್ಲಿ ನಿಮ್ಮ ಹೆಸರಿನ ಅಕ್ಷರಗಳು ಒಂದೇ ಇವೆಯೇ ಎಂದು ಮೊದಲು ನೋಡಿಕೊಳ್ಳಿ, ಎಷ್ಟೋ ಅರ್ಜಿಗಳು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ.

ವೇತನ 21,000 ದಾಟಿರುವುದರಿಂದ ಮೊದಲಿನಂತೆ ಇಎಸ್‌ಐ ಸೌಲಭ್ಯ ಸಿಗುವುದಿಲ್ಲ. ಬದಲಿಗೆ ನಿಮಗೂ ಅಕ್ಕನವರಿಗೂ ಸೇರಿ 3 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸುತ್ತೇವೆ, ಕಂತು ನಮ್ಮದು.

ಜ್ಯೇಷ್ಠತೆ

ಬರೆಯಲು ಕಷ್ಟವಾದದ್ದು ಈ ಭಾಗ. ನಿಮ್ಮ ಕೈಕೆಳಗೆ 2017ರಲ್ಲಿ ಬಟ್ಟೆ ಹಾಸಲು ಸೇರಿದ ಹುಡುಗ ಈಗ ಕಟಿಂಗ್ ವಿಭಾಗದ ಮೇಲ್ವಿಚಾರಕ. ಎಂಟು ವರ್ಷ ಒಂದು ದಿನವೂ ಮುರಿಯದ ಸೇವೆ ಅವನದು. ಲಾಕ್‌ಡೌನ್‌ನಲ್ಲಿ ಸಂಬಳ ಅರ್ಧವಾದಾಗಲೂ ನಿಂತ. ನೀವು ಬಂದಿರೆಂದು ಅವನನ್ನು ಕುರ್ಚಿಯಿಂದ ಎಬ್ಬಿಸಲಾರೆ. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸೇರ್ಪಡೆ ದಿನಾಂಕ 1 ಡಿಸೆಂಬರ್ 2025 ಎಂದೇ ಇರುತ್ತದೆ. ಮುಂದೆಂದಾದರೂ ಜನರನ್ನು ಕಡಿಮೆ ಮಾಡುವ ಪರಿಸ್ಥಿತಿ ಬಂದರೆ, ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ನಿಯಮ ನಿಮಗೂ ಇದೇ ದಿನಾಂಕದಿಂದ ಅನ್ವಯಿಸುತ್ತದೆ. ಇದನ್ನು ಮುಚ್ಚಿಟ್ಟು ನಿಮ್ಮ ಸಹಿ ಪಡೆಯಲು ನನಗೆ ಇಷ್ಟವಿಲ್ಲ.

ಹಾಜರಿ, ಪಾಳಿ, ವಿಭಾಗದ ರಜೆ ಮಂಜೂರಾತಿ ಅವನ ಕೈಯಲ್ಲಿ. ನಿಮ್ಮ ರಜೆಯನ್ನೂ ಅವನಿಗೇ ಹೇಳಬೇಕು. ಪ್ಯಾಟರ್ನ್, ಮಾರ್ಕರ್, ವಾಶಿಂಗ್‌ಗೆ ಮುಂಚಿನ ಕುಗ್ಗುವಿಕೆ ಪರೀಕ್ಷೆ, ಥಾನಿನ ಬಣ್ಣದ ವ್ಯತ್ಯಾಸ ನೋಡಿ ವಿಂಗಡಿಸುವುದು, ಬಟ್ಟೆ ಎಷ್ಟು ಪೋಲಾಗುತ್ತಿದೆ ಎಂಬ ಲೆಕ್ಕ: ಇವುಗಳಲ್ಲಿ ನಿಮ್ಮ ಮಾತೇ ಕೊನೆ. ನಿಮ್ಮ ಸಹಿ ಇಲ್ಲದೆ ಯಾವ ಲೇ ಮೇಲೂ ಕತ್ತರಿ ಯಂತ್ರ ಓಡಬಾರದು ಎಂದು ಅವನಿಗೂ ಬರೆದು ಕೊಟ್ಟಿದ್ದೇನೆ. ವಾಶ್ ಆದ ಮೇಲೆ 34ರ ಪ್ಯಾಂಟು 33 ಆಗಿ ಮರಳಿ ಬಂದ ಆರ್ಡರುಗಳನ್ನು ಕಳೆದ ಎರಡು ವರ್ಷದಲ್ಲಿ ಸಾಕಷ್ಟು ಕಂಡಿದ್ದೇನೆ. ನಿಮ್ಮನ್ನು ಕರೆದ ನಿಜವಾದ ಕಾರಣ ಅದು. ಈ ಏರ್ಪಾಟನ್ನು ಅವನಿಗೆ ಮೊದಲೇ ತಿಳಿಸಿದೆ. "ಗುರುಗಳು ಬರಲಿ, ಆದರೆ ಎಲ್ಲರ ಎದುರಿಗೆ ಬೈಯಬಾರದು" ಎಂದ. ಇದನ್ನೂ ಷರತ್ತೆಂದೇ ಎಣಿಸಿ.

ಈಗ ಮಾರ್ಕರ್ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಮೊದಲ ಎರಡು ವಾರ ಅದನ್ನು ಅವನಿಂದಲೇ ಕಲಿಯಬೇಕು.

ಒಪ್ಪಿಗೆಯಿದ್ದರೆ ಈ ಪತ್ರದ ಎರಡನೆಯ ಪ್ರತಿಗೆ ಸಹಿ ಹಾಕಿ ನವೆಂಬರ್ 26ರೊಳಗೆ ಕಳುಹಿಸಿ. ಬರುವಾಗ ಬೆಂಗಳೂರಿನ ಬಿಡುಗಡೆ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ತನ್ನಿ. ಯಾವುದಾದರೂ ಅಂಶ ಮನಸ್ಸಿಗೆ ಬರದಿದ್ದರೆ ಸಹಿಗೆ ಮೊದಲೇ ಫೋನ್ ಮಾಡಿ. ಜ್ಯೇಷ್ಠತೆ ಮತ್ತು ಗ್ರಾಚ್ಯುಟಿಯ ನಿರ್ಧಾರ ಬದಲಾಗದು, ಉಳಿದದ್ದನ್ನು ಮಾತಾಡಬಹುದು.

ಅಪ್ಪ ಈಗ ಶೆಡ್‌ಗೆ ಬರುವುದು ಅಪರೂಪ. ಒಂದನೆಯ ತಾರೀಖು ಮಾತ್ರ ಬರುತ್ತಾರಂತೆ, ಟೋಕನ್ ಅವರೇ ಕೊಡಬೇಕಂತೆ. ಒಂಬತ್ತಕ್ಕೆ ಹತ್ತು ನಿಮಿಷ ಮುಂಚೆ ಬನ್ನಿ.

ಗೌರವದೊಂದಿಗೆ,
ವ್ಯವಸ್ಥಾಪಕಿ
ಜೀನ್ಸ್ ಹೊಲಿಗೆ ಘಟಕ, ಮುಂಡರಗಿ ಕೈಗಾರಿಕಾ ಪ್ರದೇಶ, ಬಳ್ಳಾರಿ

ಪ್ರತಿ: ಕಟಿಂಗ್ ವಿಭಾಗದ ಮೇಲ್ವಿಚಾರಕರಿಗೆ (ಜ್ಯೇಷ್ಠತೆಯ ಭಾಗ ಮಾತ್ರ), ಲೆಕ್ಕಪತ್ರ ವಿಭಾಗಕ್ಕೆ