ಕಣ್ಣು ಚೆನ್ನಾಗಿ ಕಾಣುತ್ತದೆ, ಆದರೂ ವರ್ಷಕ್ಕೊಮ್ಮೆ ಯಾಕೆ ತೋರಿಸಬೇಕು?

ಬದಿಯಡ್ಕ ಪೇಟೆಯ ನಮ್ಮ ಅಂಗಡಿಗೆ ಬರುವವರು ಸಾಮಾನ್ಯವಾಗಿ ಹೇಳುವುದು ಹೀಗೆ: "ಕಣ್ಣಿಗೆ ಏನೂ ಆಗಿಲ್ಲ. ಕನ್ನಡಕದ ಕಾಲು ಮುರಿದಿದೆ, ಅಷ್ಟು ಸರಿ ಮಾಡಿಕೊಡಿ." ಮಾಡಿಕೊಡುತ್ತೇವೆ. ಜೊತೆಗೆ ಒಂದು ಮಾತು ಕೇಳುತ್ತೇವೆ, ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ? ಅಲ್ಲಿಗೆ ಸುಮ್ಮನಾಗುವವರೇ ಜಾಸ್ತಿ.

ಹಲ್ಲಿನ ಹಾಗೆ ಕಣ್ಣು ನೋವು ಕೊಟ್ಟು ರಾತ್ರಿ ಎಬ್ಬಿಸುವುದಿಲ್ಲ. ಒಂದು ಕಣ್ಣು ಮಂಜಾದರೆ ಇನ್ನೊಂದು ಅದರ ಕೆಲಸವನ್ನೂ ಸೇರಿಸಿ ಮಾಡಿಬಿಡುತ್ತದೆ. ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಈಗಲೇ ನೋಡಿ: ಗೋಡೆಯ ಕ್ಯಾಲೆಂಡರಿನ ತಾರೀಕುಗಳನ್ನು ಮೊದಲು ಎಡಗಣ್ಣು ಮುಚ್ಚಿ ಓದಿ, ಮತ್ತೆ ಬಲಗಣ್ಣು ಮುಚ್ಚಿ ಓದಿ. ಎರಡೂ ಒಂದೇ ಥರ ಕಾಣದಿದ್ದರೆ ತಡ ಮಾಡಬೇಡಿ. ಒಂದೇ ಥರ ಕಂಡರೆ ಒಳ್ಳೆಯದೇ, ಆದರೆ ಅದು ಪರೀಕ್ಷೆ ಅಲ್ಲ.

ಗ್ಲಾಕೋಮ ಅಂತ ಒಂದು ಕಾಯಿಲೆ ಇದೆ. ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಕೆಡುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಬದಿಯ ನೋಟ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಅಷ್ಟೇ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣತಮ್ಮ ಯಾರಿಗಾದರೂ ಇದ್ದರೆ ನೀವು ಇನ್ನೂ ಜಾಗ್ರತೆ ಮಾಡಬೇಕು.

ಶುಗರ್ ಇರುವವರ ಕಥೆಯೂ ಹಾಗೆಯೇ. ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಕೆಡುತ್ತಾ ಬಂದರೂ ಶುರುವಿನಲ್ಲಿ ಪೇಪರ್ ಓದಲು ಏನೂ ಕಷ್ಟ ಆಗುವುದಿಲ್ಲ. ಇಲ್ಲಿ ನಾವು ನೇರ ಹೇಳಬೇಕು: ನಮ್ಮ ಅಂಗಡಿಯಲ್ಲಿ ನೋಡುವುದು ಪವರ್. ಶುಗರ್ ಇದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಕಣ್ಣಿಗೆ ಮದ್ದು ಹಾಕಿಸಿ ಒಳಗಿನ ಪರೀಕ್ಷೆ ಆಗಲೇಬೇಕು, ನಮ್ಮ ಬೋರ್ಡಿನ ಕೊನೆಯ ಸಾಲನ್ನು ನೀವು ಸಲೀಸಾಗಿ ಓದಿದರೂ ಸಹ. ಮದ್ದು ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು ಇರುತ್ತದೆ. ಆ ದಿನ ಬೈಕ್ ತೆಗೆದುಕೊಂಡು ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.

ಮಕ್ಕಳು "ಕಾಣುವುದಿಲ್ಲ" ಎಂದು ಹೇಳುವುದು ಕಡಿಮೆ. ಎಲ್ಲರಿಗೂ ಹೀಗೆಯೇ ಕಾಣುವುದು ಎಂದು ಅವರು ತಿಳಿದಿರುತ್ತಾರೆ. ಟಿವಿಯ ಮುಂದೆ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಪಕ್ಕದ ಮಗುವಿನ ಪುಸ್ತಕ ನೋಡಿ ಬರೆಯುವುದು, ಇದಕ್ಕೆಲ್ಲ ಬೈಯುವ ಮೊದಲು ಒಮ್ಮೆ ಕಣ್ಣು ತೋರಿಸಿ. ಒಂದು ಕಣ್ಣಿನ ಪವರ್ ತುಂಬಾ ಜಾಸ್ತಿ ಇದ್ದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡಬಹುದು. ಅದನ್ನು ಚಿಕ್ಕ ಪ್ರಾಯದಲ್ಲಿ ಹಿಡಿದರೆ ಸರಿ ಮಾಡುವುದು ಸುಲಭ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು, ಬ್ಯಾಗ್ ಮತ್ತು ಕೊಡೆಯ ಖರೀದಿಗೆ ಪೇಟೆಗೆ ಬರುತ್ತೀರಲ್ಲ, ಆಗಲೇ ಮುಗಿಸಿಬಿಡಿ.

40 ದಾಟಿದವರಿಗೆ ಸೂಜಿಗೆ ನೂಲು ಹಾಕುವಾಗ, ಬೀಡಿ ಕಟ್ಟುವಾಗ, ಮೊಬೈಲ್ ನೋಡುವಾಗ ಕೈ ದೂರ ದೂರ ಹೋಗುವುದು ಸಹಜ. ಜಾತ್ರೆಯ ಸಂತೆಯಲ್ಲಿ ಸಿಗುವ ರೆಡಿಮೇಡ್ ಕನ್ನಡಕ ಹಾಕಿದರೆ ಕಣ್ಣು ಹಾಳಾಗುತ್ತದೆ ಎಂದು ನಾವು ಹೆದರಿಸುವುದಿಲ್ಲ. ಆದರೆ ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ನಿಮ್ಮ ಕಣ್ಣುಗಳು ಹಾಗಿರಬೇಕೆಂದಿಲ್ಲ. ಅದನ್ನು ಮಾರುವವರು ನಿಮ್ಮ ಕಣ್ಣು ನೋಡುವುದೂ ಇಲ್ಲ, ಅಲ್ವಾ?

ಪ್ರಾಯ 25, ಕನ್ನಡಕ ಇಲ್ಲ, ಶುಗರ್ ಇಲ್ಲ, ತಲೆನೋವೂ ಇಲ್ಲ ಎನ್ನುವವರು ಎರಡು ವರ್ಷಕ್ಕೊಮ್ಮೆ ಬಂದರೂ ನಡೆಯುತ್ತದೆ. ಉಳಿದವರು ವರ್ಷಕ್ಕೊಮ್ಮೆ ಬನ್ನಿ.

ನಮ್ಮಲ್ಲಿ ಪರೀಕ್ಷೆಗೆ ಸುಮಾರು 20 ನಿಮಿಷ, 100 ರೂಪಾಯಿ. ಓದುವ ಬೋರ್ಡು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇದೆ. ಬಸ್ಸಿನ ಬೋರ್ಡು ಓದಲಾಗದ್ದು ಕಣ್ಣಿನಿಂದಲೋ ಮಲಯಾಳದಿಂದಲೋ ಎಂದು ಕೆಲವು ಅಜ್ಜಂದಿರಿಗೆ ಸಂಶಯ, ಅದೂ ಇಲ್ಲಿ ತೀರ್ಮಾನ ಆಗುತ್ತದೆ! ಅಕ್ಷರವೇ ಬೇಡ ಎನ್ನುವವರು ಬೋರ್ಡಿನ ಗುರುತು ಯಾವ ಕಡೆಗೆ ತಿರುಗಿದೆ ಎಂದು ಬೆರಳಿನಿಂದ ತೋರಿಸಿದರೆ ಸಾಕು. ಪವರ್ ಬರೆದ ಚೀಟಿ ಕೈಗೆ ಕೊಡುತ್ತೇವೆ, ಕನ್ನಡಕ ಎಲ್ಲಿ ಮಾಡಿಸುವುದು ನಿಮ್ಮ ಇಷ್ಟ. ಸಂಶಯ ಬಂದರೆ ಡಾಕ್ಟರಿಗೆ ಪತ್ರ ಬರೆದು ಕಳುಹಿಸುತ್ತೇವೆ.

ಒಂದು ಎಚ್ಚರಿಕೆ. ಫಕ್ಕನೆ ನೋಟ ಹೋದರೆ, ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಕಣ್ಣು ಕೆಂಪಾಗಿ ನೋವು ಬಂದರೆ ನಮ್ಮಲ್ಲಿಗೆ ಬರಬೇಡಿ. ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಹಿಂದೆ ಯಾರಿಗೋ ಕೊಟ್ಟು ಉಳಿದ ಮದ್ದನ್ನು ಕಣ್ಣಿಗೆ ಬಿಡಬೇಡಿ. ಸ್ಟೀರಾಯ್ಡ್ ಇರುವ ಮದ್ದು ಕಣ್ಣಿನ ಒತ್ತಡ ಏರಿಸಬಹುದು.

ಸೋಮವಾರದಿಂದ ಶನಿವಾರ, ಬೆಳಗ್ಗೆ 9:30ರಿಂದ ಸಂಜೆ 7. ಹಳೆಯ ಕನ್ನಡಕ, ಹಳೆಯ ಚೀಟಿ ಇದ್ದರೆ ತನ್ನಿ. ಗಲ್ಫಿನಿಂದ ರಜೆಯಲ್ಲಿ ಬಂದವರು ಊರು ತಲುಪಿದ ವಾರವೇ ಬನ್ನಿ. ಕೆಲವು ಲೆನ್ಸ್ ತರಿಸಲು ದಿನ ಹಿಡಿಯುತ್ತದೆ, ವಿಮಾನ ಹತ್ತುವ ಮುನ್ನಾದಿನ ಬಂದರೆ ನಮಗೂ ಕಷ್ಟ, ನಿಮಗೂ ಕಷ್ಟ.